ಎರಡು ಗಂಟೆಗೆ ಸೊನ್ನೆ

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಟೈರ್ ಅಂಗಡಿಯ ಮಹಡಿಯ ಮೇಲೆ ಅನ್ನಪೂರ್ಣಳ ಆಫೀಸು. ಸಂಡೂರು ಕಡೆಯ ಉಕ್ಕಿನ ಕಾರ್ಖಾನೆಗೆ ಗುತ್ತಿಗೆಯ ಮೇಲೆ ಆಳುಗಳನ್ನು ಕಳಿಸುವ ಕಂಪನಿ ಅದು. ಬೆಳಗಿನ ಆರಕ್ಕೆ ಅವಳ ಪಾಳಿ ಶುರುವಾಗುತ್ತಿತ್ತು. ಪಾಪಿನಾಯಕನಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು, ತಲೆಯ ನೀರು ಪೂರ್ತಿ ಆರಿರುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ, ಬಿ.ಎ. ಮುಗಿಸಿ ಸೇರಿದಾಗ, ಆಳುಗಳ ದೂರು ಚೀಟಿಯಲ್ಲಿ ಬರುತ್ತಿತ್ತು. ಚೀಟಿ ತಂದವರು ಎದುರಿಗೇ ನಿಲ್ಲುತ್ತಿದ್ದರು. ಬೆವರು, ಎಲೆ ಅಡಿಕೆ, ಕೆಂಪು ಧೂಳಿನ ವಾಸನೆ. ಈಗ ಎಲ್ಲವೂ ಫೋನಿನಿಂದ ಬರುತ್ತದೆ. ಆಳುಗಳು ಕಳಿಸಿದ ವಾಟ್ಸಾಪೂ ಕಾರ್ಖಾನೆ ಕಳಿಸಿದ ಇ-ಮೇಲೂ ಕಂಪ್ಯೂಟರಿನಲ್ಲಿ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತವೆ, ಆಫೀಸಿನ ಐದೂ ಜನ ಅದನ್ನೇ ತೆರೆದು ಕೂರುತ್ತಾರೆ. ಬಂದದ್ದಕ್ಕೆ ಮೊದಲು ಗುರುತು ಹಚ್ಚಬೇಕು: ಪಾಸು, ಪಿಎಫ್, ಬಸ್ಸು, ಆಸ್ಪತ್ರೆ. ಆಮೇಲೆ ಯಾರು ಮಾಡಬೇಕೋ ಅವರ ಹೆಸರಿಗೆ ಹಾಕಬೇಕು. ಕೆಲಸ ಆದಮೇಲೆ ಮುಚ್ಚಬೇಕು. ಗುರುತು ಹಚ್ಚಿ ಹಂಚುವುದೂ ಕೊನೆಗೆ ಮುಚ್ಚುವುದೂ ಬೆಳಗಿನ ಪಾಳಿಯಲ್ಲಿ ಅನ್ನಪೂರ್ಣಳ ಪಾಲು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಪರದೆಯ ಮೂಲೆಯಲ್ಲಿ ಬಾಕಿ ಸೊನ್ನೆ ಇರಬೇಕು. ಅದು ಮೇಲ್ವಿಚಾರಕ ಮಲ್ಲೇಶನ ಕಟ್ಟಳೆ.

ಆ ಸೊನ್ನೆಗೆ ಒಂದು ಅಡ್ಡದಾರಿ ಇತ್ತು. ಹಳ್ಳಿಗಳಲ್ಲಿ ಒಂದು ಫೋನಿನಿಂದ ಆರೇಳು ಜನ ಬರೆಸುತ್ತಾರೆ. ಪೆಟ್ಟಿಗೆಗೆ ಜನ ಗೊತ್ತಿಲ್ಲ, ನಂಬರು ಮಾತ್ರ ಗೊತ್ತು. ಒಂದು ನಂಬರಿನಿಂದ ಬಂದದ್ದೆಲ್ಲ ಒಂದರ ಕೆಳಗೊಂದು ಸೇರಿ ಬಾಕಿಯಲ್ಲಿ ಒಂದೇ ಕೆಲಸವಾಗಿ ಕಾಣುತ್ತದೆ. ಹೆಸರು ಹೆಸರಿಗೂ ಬೇರೆ ಮಾಡುವ ಗುಂಡಿ ಇದೆ. ಅದನ್ನು ಒತ್ತಿದರೆ ಒಂದಿದ್ದದ್ದು ಆರಾಗುತ್ತದೆ. ಯಾರೂ ಒತ್ತುತ್ತಿರಲಿಲ್ಲ. ಅನ್ನಪೂರ್ಣಳೂ ಒತ್ತುತ್ತಿರಲಿಲ್ಲ.

ಒಂಬತ್ತನೇ ತಾರೀಖು ವಡ್ಡು ಹಳ್ಳಿಯ ಮೇಸ್ತ್ರಿ ಹೊನ್ನೂರುಸ್ವಾಮಿಯ ಫೋನಿನಿಂದ ಆರು ಹೆಂಗಸರ ವೈದ್ಯಕೀಯ ಕಾಗದಗಳು ಬಂದವು. ಕಾರ್ಖಾನೆಯ ಗೇಟ್ ಪಾಸು ಹದಿನೈದಕ್ಕೆ ಮುಗಿಯುತ್ತಿತ್ತು, ಅಷ್ಟರೊಳಗೆ ಹೊಸದಾಗಬೇಕಿತ್ತು. ಅನ್ನಪೂರ್ಣ 'ಪಾಸು' ಎಂದು ಗುರುತು ಹಚ್ಚಿ, ಪಾಸಿನ ಕೆಲಸ ಮಾಡುವ ಪಂಪೇಶನ ಹೆಸರಿಗೆ ಹಾಕಿದಳು. ಅವನು ಒಳಟಿಪ್ಪಣಿ ಬರೆದು ತಿರುಗಿ ಅವಳ ಹೆಸರಿಗೆ ಹಾಕಿದ: 'ಐದು ಆಯ್ತು.' ಗಂಟೆ ಒಂದು ಐವತ್ತನಾಲ್ಕಾಗಿತ್ತು. 'ಆಯ್ತು' ಎಂಬುದಷ್ಟೇ ಅವಳ ಕಣ್ಣಿಗೆ ಬಿತ್ತು. ಮುಚ್ಚಿದಳು. ಮುಚ್ಚಿದೊಡನೆ 'ನಿಮ್ಮ ಮನವಿ ಬಗೆಹರಿದಿದೆ' ಎಂಬ ಸಂದೇಶ ತಾನೇ ಹೊನ್ನೂರುಸ್ವಾಮಿಗೆ ಹೋಯಿತು. ಅವನು ಆರೂ ಜನರಿಗೆ, ಆಯ್ತು, ಚಿಂತಿ ಬಿಡ್ರಿ ಅಂದ.

ಹದಿನಾರರ ಬೆಳಿಗ್ಗೆ ಭೀಮವ್ವ ಮೆಟ್ಟಿಲು ಹತ್ತಿ ಬಂದಳು. ಹನ್ನೊಂದು ವರ್ಷದಿಂದ ಕಾರ್ಖಾನೆಯಲ್ಲಿ ಕಸ ಗುಡಿಸುವವಳು. ನೀಲಿ ಕೋಟು ಮೈಮೇಲೇ ಇತ್ತು.

"ಯವ್ವಾ, ಗೇಟಿನಾಗ ಕಾರ್ಡು ತಿಕ್ಕಿದ್ರ ಕೆಂಪು ದೀಪ ಹತ್ತೈತಿ. ಉಳಿದ ಐದು ಮಂದಿ ಒಳಗ ಹೋದ್ರು. ನನಗ ಮಾತ್ರ ನಿಂದರು ಅಂದ್ರು."

ಅನ್ನಪೂರ್ಣ ಮುಚ್ಚಿದ್ದನ್ನು ತೆರೆದು ಕೆಳತನಕ ಸರಿಸಿದಳು. ಆರನೆಯ ಕಾಗದ ಅಲ್ಲೇ ಇತ್ತು, ಸ್ವಚ್ಛವಾಗಿ. ಕೆಳಗೆ ಹೊನ್ನೂರುಸ್ವಾಮಿ ಬರೆದಿದ್ದ: 'ಇದು ಭೀಮವ್ವಂದು.'

"ನನ್ನ ಹೆಸರು ಹಾಕ್ಸಿದ್ನಲ್ಲ," ಭೀಮವ್ವ ಪರದೆಯತ್ತ ಬಗ್ಗಿದಳು. "ಐತಿಲ್ಲ ಅದರಾಗ?"

"ಐತ್ರಿ."

"ಮತ್ತ ಓದ್ಲಿಲ್ಲೇನು?"

"ಇಲ್ರಿ, ಓದ್ಲಿಲ್ಲ," ಅಂದಳು. "ಕುಂದ್ರಿ, ಕೇಳ್ತೀನಿ."

ಮಲ್ಲೇಶ ಅವಳನ್ನು ಒಳಗೆ ಕರೆದ. "ಅಕ್ಕಾ, ಮುಚ್ಚಿದವ್ರು ಯಾರು, ಎಷ್ಟೊತ್ತಿಗೆ, ಎಲ್ಲಾ ಅದರಾಗ ಕುಂತೈತಿ. ಅಳಿಸಾಕ ಬರಂಗಿಲ್ಲ. ಒಂದು ಕೆಲಸ ಮಾಡ್ರಿ. ಕಾಗದ ಸರಿ ಕಾಣ್ತಿರ್ಲಿಲ್ಲ, ತಿರುಗಿ ಕೇಳಿದ್ವಿ, ಅವ್ರು ಕೊಡಲಿಲ್ಲ ಅಂತ ಕಾರ್ಖಾನಿಗೆ ಬರೀರಿ."

"ಸ್ವಚ್ಛ ಕಾಣ್ತೈತಲ್ಲ ಸರ್."

"ನಿಮಗ ಕಾಣ್ತೈತಿ. ಅವ್ರಿಗೆ ಕಾಣಾದು ನೀವು ಬರದದ್ದು. ಭಾಳ ಸಾಚಾ ಆಗಬ್ಯಾಡ್ರಿ."

ಒಳಟಿಪ್ಪಣಿಯಲ್ಲಿ ಸತ್ಯ ಬರೆದರೆ ಆಫೀಸಿನವರಿಗಷ್ಟೇ ಕಾಣುತ್ತದೆ, ಹೊರಗೆ ಹೋಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಕಾರ್ಖಾನೆಗೇ ಇ-ಮೇಲ್ ಬರೆದಳು: ಕಾಗದ ಒಂಬತ್ತಕ್ಕೇ ಬಂದಿದೆ. ಓದದೆ ಮುಚ್ಚಿದ್ದು ನಾನು. ಆಕೆಯ ತಪ್ಪಿಲ್ಲ. ಹೆಸರು ಹಾಕಿದಳು, ಕಳಿಸಿದಳು.

ಭೀಮವ್ವ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿ ರೊಟ್ಟಿ ತಿಂದಳು. ಕೆಳಗೆ ಅಂಗಡಿಯವನು ಟೈರಿಗೆ ಗಾಳಿ ತುಂಬುತ್ತಿದ್ದ. ಹನ್ನೆರಡೂವರೆಗೆ ಉತ್ತರ ಬಂತು. ಎರಡು ಸಾಲು. ಅವಧಿ ಮುಗಿದ ಪಾಸು ನವೀಕರಣವಾಗುವುದಿಲ್ಲ, ಹೊಸಬರಾಗಿ ಅರ್ಜಿ ಹಾಕಬೇಕು. ಹೊಸಬರ ವಯಸ್ಸು ನಲವತ್ತೈದು ಮೀರಿರಬಾರದು. ಯಾರ ತಪ್ಪು ಎಂದು ಅವರು ಕೇಳಿರಲೇ ಇಲ್ಲ.

ಭೀಮವ್ವನಿಗೆ ನಲವತ್ತೆಂಟು.

ಅನ್ನಪೂರ್ಣ ಹೊರಗೆ ಬಂದು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು ಹೇಳಿದಳು. ಬೈಗುಳ ಬರಲಿ ಎಂದು ಕಾದಳು. ಭೀಮವ್ವ ಬುತ್ತಿಯ ಬಟ್ಟೆ ಕೊಡವಿ ಮಡಚಿದಳು. ಆಮೇಲೆ ಕೊರಳಿನ ಕಾರ್ಡನ್ನು ತೆಗೆದಳು. ದಾರ ಜಡೆಗೆ ಸಿಕ್ಕಿಕೊಂಡಿತ್ತು, ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

"ಇದನ್ನ ಇಲ್ಲೇ ಕೊಡಾದೋ, ಗೇಟಿಗೆ ಹೋಗಿ ಕೊಟ್ಟು ಬರಾದೋ?"

"ಇಲ್ಲೇ ಕೊಡ್ರಿ."

"ಕೋಟು?"

"ಕೋಟು ಇರ್ಲಿ."

"ಇಟ್ಕಂಡು ಏನ್ ಮಾಡ್ಲಿ," ಎಂದು ಅದನ್ನೂ ಬಿಚ್ಚಿ ಮೆಟ್ಟಿಲ ಮೇಲಿಟ್ಟು ಇಳಿದು ಹೋದಳು.

ಮುಚ್ಚುವಾಗ ಪೆಟ್ಟಿಗೆ ಕಾರಣ ಕೇಳುತ್ತದೆ. ಮೂರೇ ಕಾರಣ: ಬಗೆಹರಿದಿದೆ, ಎರಡನೇ ಸಲ ಬಂದದ್ದು, ಕಳಿಸಿದವರಿಂದ ಉತ್ತರವಿಲ್ಲ. ಅನ್ನಪೂರ್ಣ ಮೂರನ್ನೂ ಓದಿದಳು. ಯಾವುದನ್ನೂ ಒತ್ತದೆ, ಬೆಳಿಗ್ಗೆ ಮತ್ತೆ ತೆರೆದ ಭೀಮವ್ವನ ಕೆಲಸವನ್ನು ತನ್ನ ಹೆಸರಿನಲ್ಲೇ ಬಿಟ್ಟು ಎದ್ದಳು. ಮಧ್ಯಾಹ್ನದ ಪಾಳಿಗೆ ಬಂದ ಸ್ಫೂರ್ತಿ ಕುರ್ಚಿ ಎಳೆದುಕೊಳ್ಳುತ್ತ, "ಅಕ್ಕಾ, ಒಂದು ಉಳದೈತಿ. ಮುಚ್ಲಾ?" ಅಂದಳು.

"ಬ್ಯಾಡ."

ಮರುದಿನ ನೋಡಿದರೆ ಮುಚ್ಚಿತ್ತು. ಮಲ್ಲೇಶನೇ ಮುಚ್ಚಿದ್ದ. ಕಾರಣ: ಬಗೆಹರಿದಿದೆ.

ಅಂದಿನಿಂದ ಅವಳು ಬೇರೆ ಮಾಡುವ ಗುಂಡಿ ಒತ್ತತೊಡಗಿದಳು. ಪ್ರತಿಯೊಂದನ್ನೂ ಕೆಳತನಕ ಓದಿ, ಹೆಸರು ಹೆಸರಿಗೂ ಬೇರೆ ಕೆಲಸ ಮಾಡಿದಳು. ಇಪ್ಪತ್ತಿದ್ದದ್ದು ಅರವತ್ತಾಗುತ್ತಿತ್ತು. ಎರಡು ಗಂಟೆಗೆ ಹದಿನಾಲ್ಕು ಬಾಕಿ, ಒಂದು ದಿನ ಇಪ್ಪತ್ತೆರಡು. ಪಂಪೇಶ ಗೊಣಗಿದ: "ಅಕ್ಕಾ, ಒಂದು ಕೆಲಸಕ್ಕ ಆರು ಮರಿ ಹಾಕಿಸ್ತೀರಲ್ಲ!" ಮಲ್ಲೇಶ ನಗಲಿಲ್ಲ. ತಿಂಗಳು ತುಂಬುವುದರೊಳಗೆ ಅವಳನ್ನು ಕಂಪ್ಲಿಗೆ ಹಾಕಿದ. ಅಲ್ಲಿ ಅಕ್ಕಿ ಗಿರಣಿಗೆ ಹೋಗುವ ಆಳುಗಳ ಹಾಜರಿ ಬರೆಯುವುದಷ್ಟೇ ಕೆಲಸ. ದಿನಕ್ಕೆ ಎರಡು ಬಸ್ಸು ಬದಲಿಸಬೇಕು.

ಅವಳ ಕುರ್ಚಿಗೆ ಸ್ಫೂರ್ತಿ ಬಂದಳು. ಮೊದಲ ದಿನದ ಪಾಳಿ ಮುಗಿದಮೇಲೆ ಪಂಪೇಶ ಫೋನ್ ಮಾಡಿದ.

"ಹುಡುಗಿ ಮಸ್ತ್ ಅದಾಳ ಅಕ್ಕಾ. ಎರಡಕ್ಕ ಕರೆಕ್ಟ್ ಸೊನ್ನಿ."

"ಹೊನ್ನೂರುಸ್ವಾಮಿದು ಬಂದಿತ್ತೇನು?"

"ಬಂದಿತ್ತು. ಒಂದ."

"ಒಂದರಾಗ ಎಷ್ಟು ಮಂದಿ ಇದ್ರು?"

"ನೋಡಿಲ್ಲಕ್ಕ," ಅಂದ ಪಂಪೇಶ. "ಮುಚ್ಚೈತಿ."