ಮೆಣಸಿನಕಾಯಿ ಮೇಡಂ ಮತ್ತು ರಿಪೇರಿ ಗುತ್ತಿಗೆ

ಆಸ್ಪತ್ರೆಯ ಆಡಿಟರಮ್ಮನನ್ನು ಎಲ್ಲರೂ ಬೆನ್ನ ಹಿಂದೆ ಮೆಣಸಿನಕಾಯಿ ಎನ್ನುತ್ತಿದ್ದರು. ಆಕೆಗೂ ಅದು ಗೊತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು ನಿಜ. ಆದರೆ ಸುಮ್ಮಸುಮ್ಮನೆ ಬರುತ್ತಿರಲಿಲ್ಲ.

ಆ ವರ್ಷ ಆಕೆಯ ಪಾಲಿಗೆ ಬಂದದ್ದು ಹೊರಗುತ್ತಿಗೆಗಳ ತಪಾಸಣೆ. ಡಯಾಲಿಸಿಸ್ ಯಂತ್ರಗಳ ರಿಪೇರಿಯನ್ನು ಆಸ್ಪತ್ರೆ ಹೊರಗಿನ ಕಂಪನಿಯೊಂದಕ್ಕೆ ವಹಿಸಿತ್ತು. ಕಂಪನಿ ಕಳಿಸುವ ತಿಂಗಳ ವರದಿ ತುಂಬ 'ಎಲ್ಲ ಸರಿ' ಎನ್ನುವ ಹಸಿರು ಗುರುತುಗಳೇ: ಪ್ರತಿ ದೂರಿಗೂ ಗಡುವಿನೊಳಗೆ ಸ್ಪಂದಿಸಿದ್ದೇವೆ. ವಾರ್ಡಿಗೆ ಹೋಗಿ ನೋಡಿದರೆ ಎರಡು ಯಂತ್ರಗಳು ಮುಸುಕು ಹೊದ್ದು ಮೂಲೆಯಲ್ಲಿ ನಿಂತಿದ್ದವು.

"ಇವು ಕೆಟ್ಟು ಎಷ್ಟು ದಿನ ಆಯ್ತು ಸಿಸ್ಟರ್?"

"ಹೋದ ವಾರದಿಂದ ಹೀಗೇ ಇವೆ. ದೂರು ಕೊಟ್ಟ ಕೂಡ್ಲೇ 'ನಿಮ್ಮ ದೂರು ತಲುಪಿದೆ' ಅಂತ ಮೆಸೇಜ್ ಬರುತ್ತೆ, ಮನುಷ್ಯರು ಬರಲ್ಲ. ರೋಗಿಗಳನ್ನ ನಾಳೆ ಬನ್ನಿ ಅಂತ ವಾಪಸ್ ಕಳಿಸ್ತಿದೀವಿ. ಒಬ್ಬ ಅಜ್ಜಿ ಮೈಯೆಲ್ಲ ನೀರು ತುಂಬ್ಕೊಂಡು ನಿನ್ನೆ ಐಸಿಯು ಸೇರಿದ್ರು."

ಕಂಪನಿಯ ಲೆಕ್ಕದಲ್ಲಿ ಆ ಮೆಸೇಜೇ ಸ್ಪಂದನೆ. ಆಕೆ ಒಪ್ಪಂದ ತೆಗೆದು ಓದಿದಳು. ಸ್ಪಂದಿಸಲು ಗಡುವಿತ್ತು, ಸರಿಪಡಿಸಲು ಇರಲಿಲ್ಲ. ದಂಡವೂ ಸ್ಪಂದನೆ ತಡವಾದರೆ ಮಾತ್ರ. ಓದುತ್ತಾ ಓದುತ್ತಾ ಮೈಯೆಲ್ಲ ಉರಿದುಹೋಯಿತು.

ನೋಟಿಸು ಕೊಟ್ಟು ಕಂಪನಿಯ ಕಚೇರಿಗೇ ಹೋದಳು. "ತಂತ್ರಜ್ಞರು ಬಂದುಹೋದ ದಾಖಲೆ ತೋರಿಸಿ. ಪರಿಶೀಲಿಸೋ ಹಕ್ಕು ಒಪ್ಪಂದದಲ್ಲೇ ಇದೆ," ಎಂದಳು. ಮ್ಯಾನೇಜರ್ ನಕ್ಕ.

"ಹಕ್ಕಿರೋದು ನಮ್ಮ ದಾಖಲೆ ಮೇಲೆ ಮೇಡಂ. ರಿಪೇರಿ ಕೆಲಸ ಈಗ ನಾವು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಟ್ಟಿದೀವಿ. ಅವರು ನಿಮ್ಮ ಜೊತೆ ಸಹಿ ಹಾಕಿಲ್ವಲ್ಲ."

"ಒಳಗುತ್ತಿಗೆ ಕೊಡೋಕೆ ನಮ್ಮ ಲಿಖಿತ ಒಪ್ಪಿಗೆ ಬೇಕು ಅಂತ ಅದೇ ಒಪ್ಪಂದದಲ್ಲಿದೆ. ಎಲ್ಲಿ, ತೋರಿಸಿ."

ಅವನ ಮುಖ ಸಪ್ಪಗಾಯಿತು. "ನಿಮ್ಮ ಖರೀದಿ ಸಾಹೇಬ್ರಿಗೆ ಗೊತ್ತು. ಬಾಯಿ ಮಾತಲ್ಲೇ ಆಗಿದ್ದು."

ಆಸ್ಪತ್ರೆಗೆ ಮರಳಿದಾಗ ಖರೀದಿ ವಿಭಾಗದ ಮುಖ್ಯಸ್ಥ ಆಕೆಯನ್ನು ಕೂರಿಸಿ ಕಾಫಿ ತರಿಸಿದ. "ಸಣ್ಣ ಲೋಪ ಅಂತ ಬರೆದುಬಿಡಿ ಅಮ್ಮಾ. ಮನೆ ವಿಷಯ ಮನೇಲೇ ಇರ್ಲಿ."

"ನಿಮ್ಮ ತಾಯಿ ಆ ಐಸಿಯುನಲ್ಲಿ ಮಲಗಿದ್ರೂ ಸಣ್ಣದು ಅಂತಿದ್ರಾ ಸರ್?"

ಕಾಫಿ ಮುಟ್ಟದೆ ಎದ್ದು ಬಂದಳು. ವರದಿಯಲ್ಲಿ 'ಅತಿ ಗಂಭೀರ' ಎಂದು ಬರೆದು, ಒಂದಕ್ಷರವನ್ನೂ ಬದಲಿಸದೆ ಆಡಳಿತ ಮಂಡಳಿಯ ಆಡಿಟ್ ಸಮಿತಿಯ ಮುಂದಿಟ್ಟಳು. ಒಪ್ಪಂದ ಮುರಿದದ್ದಕ್ಕೆ ಸಮಿತಿ ನೋಟಿಸು ಕಳಿಸಿದ ಮರುದಿನವೇ ತಂತ್ರಜ್ಞರು ಓಡಿಬಂದು ಎರಡೂ ಯಂತ್ರ ಸರಿಪಡಿಸಿದರು. ಅಷ್ಟು ಸುಲಭವಾಗಿತ್ತೇ ಎಂದು ಆಕೆಗೆ ಇನ್ನಷ್ಟು ರೇಗಿತು. ಅಜ್ಜಿ ಬದುಕಿಕೊಂಡರು. ಗುತ್ತಿಗೆ ಬೇರೆಯವರ ಪಾಲಾಯಿತು. ಹೊಸ ಒಪ್ಪಂದದಲ್ಲಿ ಯಂತ್ರ ಸರಿಪಡಿಸಲೂ ಗಡುವು, ತಪ್ಪಿದರೆ ದಂಡ, ಒಳಗುತ್ತಿಗೆದಾರರ ದಾಖಲೆ ನೋಡುವ ಹಕ್ಕು ಎಲ್ಲ ಸೇರಿದವು.

ಖರೀದಿ ಮುಖ್ಯಸ್ಥನಿಗೆ ಆದದ್ದು ಬೇರೆ ವಿಭಾಗಕ್ಕೆ ವರ್ಗ, ಅಷ್ಟೇ. ಅವನ ಬೀಳ್ಕೊಡುಗೆಯ ಕಾರ್ಡು ಸಹಿಗೆಂದು ಮೇಜಿಂದ ಮೇಜಿಗೆ ಬಂತು. ಆಕೆ ಪೆನ್ನು ಎತ್ತಲಿಲ್ಲ. ಕಾರ್ಡನ್ನು ಪಕ್ಕದವರತ್ತ ತಳ್ಳಿ ಮುಂದಿನ ಗುತ್ತಿಗೆಯ ಕಡತ ಬಿಚ್ಚಿದಳು.