ಕೋಷ್ಟಕದ ಕೆಳಗಿನ ಸಾಲು

ಎಂಬತ್ತರ ದಶಕದಲ್ಲಿ ನಾನು ಜೇವರ್ಗಿ ತಾಲೂಕಿನಲ್ಲಿ ಕೃಷಿ ಸಹಾಯಕನಾಗಿದ್ದೆ. ಹದಿನೈದು ದಿನಕ್ಕೊಮ್ಮೆ ನಮ್ಮನ್ನೆಲ್ಲ ತಾಲೂಕಿಗೆ ಕರೆಸಿ ತರಬೇತಿ ಕೊಡುತ್ತಿದ್ದರು. ಅಲ್ಲಿ ತುಂಬಿಕೊಂಡ ಜ್ಞಾನವನ್ನು ನಾವು ಸೈಕಲ್ ಮೇಲೆ ಹಳ್ಳಿಗಳಿಗೆ ಮುಟ್ಟಿಸಬೇಕು. ದಾರಿಯಲ್ಲಿ ಎಷ್ಟು ಚೆಲ್ಲಿತು, ಎಷ್ಟು ಉಳಿಯಿತು ಎಂದು ಕೇಳುವ ಪದ್ಧತಿ ಮಾತ್ರ ಇಲಾಖೆಯಲ್ಲಿರಲಿಲ್ಲ.

ಒಂದು ಬೇಸಿಗೆಯ ತರಬೇತಿಯಲ್ಲಿ ನಮ್ಮ ಮೇಲಧಿಕಾರಿಗಳು ಎಲ್ಲರ ಕೈಗೂ ಒಂದೊಂದು ಸಂಶೋಧನಾ ಪ್ರಬಂಧದ ಪ್ರತಿ ಕೊಟ್ಟರು. ತೊಗರಿಯ ನೆಟೆ ರೋಗದ ಮೇಲಿನ ಇಂಗ್ಲಿಷ್ ಪ್ರಬಂಧ ಅದು. "ಓದಿ ತಿಳಕೊಂಡು ರೈತರಿಗಿ ಹೇಳ್ರಿ" ಎಂದು ಅಪ್ಪಣೆಯಾಯಿತು. ನನ್ನ ಸಹೋದ್ಯೋಗಿಗಳು ವ್ಯವಹಾರಸ್ಥರು; ಅಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆ ಪ್ರತಿಗಳಲ್ಲಿ ಎರಡು ಮಿರ್ಚಿ ಭಜಿಯ ಸೇವೆಗೆ ನಿಂತದ್ದನ್ನು ನಾನೇ ನೋಡಿದೆ. ನಾನು ಹೊಸಬ. ಆ ಕಾಗದವನ್ನು ಮಡಿಯಿಂದ ರೂಮಿಗೆ ತಂದೆ.

ನೆಟೆ ರೋಗ ಆ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಹೂವು ಕಾಯಿ ಹಿಡಿಯುವ ಹೊತ್ತಿಗೆ ಹಸಿರಾಗಿ ನಿಂತ ಗಿಡ ನಾಲ್ಕು ದಿನದಲ್ಲಿ ಒಣಗುತ್ತದೆ. ಕಾಂಡದ ಸಿಪ್ಪೆ ಸುಲಿದು ನೋಡಿದರೆ ಒಳಗೆ ಕಪ್ಪು ಗೆರೆ. ರೋಗದ ಶಿಲೀಂಧ್ರ ಮಣ್ಣಿನಲ್ಲೇ ಕೂತಿರುತ್ತದೆ, ವರ್ಷಗಟ್ಟಲೆ. ಕೊಳಕೂರಿನಲ್ಲಿ ನನ್ನ ಪಾಲಿಗೆ ಬಂದ ರೈತರಲ್ಲಿ ಒಬ್ಬ ಹಿರಿಯರಿದ್ದರು. ಊರೆಲ್ಲ ಅವರನ್ನು ಗೌಡರು ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಅವರ ಹಳ್ಳದ ದಂಡೆಯ ಹೊಲದಲ್ಲಿ ನೆಟೆ ಮೂರು ವರ್ಷದಿಂದ ಹಬ್ಬುತ್ತ ಬಂದಿತ್ತು. ಈ ಮೃಗಶಿರಾ ಮಳೆಗೆ ಅಲ್ಲಿ ಏನು ಬಿತ್ತಬೇಕು ಎಂದು ಅವರು ನನ್ನನ್ನು ಕೇಳಿದ್ದರು. ಸರಕಾರದ ಮನುಷ್ಯನನ್ನು ಅವರು ಏನಾದರೂ ಕೇಳಿದ್ದು ಅದೇ ಮೊದಲು. ಹಾಗಾಗಿ ಪ್ರಬಂಧ ಕೈಗೆ ಬಂದ ಮರುದಿನವೇ, ಅದರ ಮೇಲ್ಗಡೆಯ ಸಾರಾಂಶವನ್ನಷ್ಟೇ ಓದಿ, ನಾನು ಕೊಳಕೂರಿಗೆ ಧಾವಿಸಿದೆ.

"ಬೀಜಕ್ಕ ಔಷಧ ಹಚ್ಚಿ ಬಿತ್ತಿದ್ರ ಫಲ ಆಶಾದಾಯಕ ಅಂತ ಬರ್ದಾರ್ರೀ ಗೌಡ್ರ," ಎಂದೆ.

"ಆಶಾದಾಯಕ ಅಂದ್ರ? ಗಿಡ ಉಳಿತಾವೋ ಇಲ್ಲೋ?"

"ಉಳಿತಾವ್ರಿ."

"ಹಂಗಾದ್ರ ಔಷಧ ತರ್ತೇನಿ. ಪೂರಾ ಹೊಲಕ್ಕ ತೊಗರೀನೇ ಹಾಕ್ತೇನಿ. ನಿಮ್ಮ ಮಾತಿನ ಮ್ಯಾಲೆ."

ಆ 'ನಿಮ್ಮ ಮಾತಿನ ಮ್ಯಾಲೆ' ಎಂಬುದು ಬರುವಾಗ ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕೂತು ಬಂತು. ಆಶಾದಾಯಕ ಎಂಬುದಕ್ಕೆ 'ಉಳಿತಾವ್ರಿ' ಎಂಬ ಭಾಷಾಂತರ ಮಾಡಿದವನು ನಾನೇ. ಉಳಿದ ಪುಟಗಳನ್ನೂ ಓದುವುದು ಒಳ್ಳೆಯದೆಂದು ಅಂದು ರಾತ್ರಿ ತೋಚಿತು.

ಓದಿದ್ದು ಹೇಗೆ? ನಮ್ಮ ಆಳಂದದ ಮನೆಯಲ್ಲಿ ಶ್ರಾವಣ ಮಾಸದ ಪುರಾಣವನ್ನು ಓದುವ ಹಾಗೆ. ಮೊದಲ ಸಂಧಿಯ ಮೊದಲ ಸಾಲಿನಿಂದ ಹಿಡಿದು, ಒಂದಕ್ಷರ ಬಿಡದೆ, ಮಂಗಳದವರೆಗೆ. ನಡುವೆ ಹಾರಿಸಿದರೆ ಪಾಪ, ಕಡೆಯಿಂದ ಸುರು ಮಾಡಿದರೆ ಮಹಾಪಾಪ. ಹಾಗೆ ಪೀಠಿಕೆಯ ಮೊದಲ ವಾಕ್ಯಕ್ಕೆ ನಮಸ್ಕರಿಸಿ ಹೊರಟೆ. ಬಲಗಡೆ ನಿಘಂಟು, ಎಡಗಡೆ ನೋಟ್ ಪುಸ್ತಕ. ಪೀಠಿಕೆಯಲ್ಲಿ ಪ್ರತಿ ಸಾಲಿಗೂ ಯಾವುದೋ ಹಿಂದಿನ ವಿಜ್ಞಾನಿಗಳ ಹೆಸರು, ಕಂಸದಲ್ಲಿ ಇಸವಿ. ಗೊತ್ತಿಲ್ಲದ ಶಬ್ದ ಒಂದೊಂದು ಸಾಲಿಗೆ ಮೂರು. ಒಂದನ್ನು ನಿಘಂಟಿನಲ್ಲಿ ಹುಡುಕಿದರೆ ಅದರ ಅರ್ಥದೊಳಗೆ ಇನ್ನೆರಡು ಕೂತಿರುತ್ತಿದ್ದವು. ಒಂದು ವಾರ ಕಳೆಯಿತು. ಎರಡನೇ ಪುಟ ತಲುಪಿದ್ದೆ. ಮಳೆ ಬರಲು ಮೂರು ವಾರವಿತ್ತು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ರೂಮು. ಕೆಳಗಡೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಅದರ ಮಾಲೀಕರು ಚೌಡಾಪುರದ ಕಡೆಯವರು, ಆಗಲೇ ತಲೆ ನರೆತವರು. ಗುಲಬರ್ಗಾದಲ್ಲಿ ಬಹುಕಾಲ ವಿಜ್ಞಾನಿಗಳ ಪ್ರಬಂಧ, ವಿದ್ಯಾರ್ಥಿಗಳ ಥೀಸಿಸ್ ಟೈಪ್ ಮಾಡಿ, ಬೆರಳು ಸೋತ ಮೇಲೆ ಜೇವರ್ಗಿಗೆ ಬಂದು ಹುಡುಗ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದರು. ಎಲ್ಲರಿಗೂ ಅವರು ಮಾಸ್ತರು. ಒಂದು ಮುಂಜಾನೆ ಮೆಟ್ಟಿಲ ಮೇಲೆ ನಿಘಂಟು ಸಮೇತ ಕೂತ ನನ್ನನ್ನು ನೋಡಿ ನಿಂತರು.

"ಏನ್ರೀ ಸಾಹೇಬ್ರ, ಪರೀಕ್ಷಾ ಅದೇನು?"

ಸಂಗತಿ ಹೇಳಿದೆ. ಪ್ರಬಂಧವನ್ನು ಕೈಗೆ ತೆಗೆದುಕೊಂಡು, ನನ್ನ ಪೆನ್ಸಿಲ್ ಗುರುತುಗಳಿಂದ ಕಪ್ಪಾದ ಮೊದಲ ಪುಟವನ್ನೂ ಬೆಳ್ಳಗೆ ಉಳಿದ ಮಿಕ್ಕ ಪುಟಗಳನ್ನೂ ನೋಡಿ, ಬಹಳ ಹೊತ್ತು ನಕ್ಕರು.

"ಇಲ್ಲಿಂದ ಯಾಕ ಸುರು ಮಾಡೀರಿ? ಇದು ಅವ್ರು ಕಡೀಗಿ ಬರ್ದದ್ದು!"

"ಕಡೀಗೀ?"

"ನಾ ಟೈಪ್ ಮಾಡೇನಲ್ರೀ. ಮೊದಲ ನನ್ನ ಟೇಬಲ್ ಮ್ಯಾಲೆ ಬರೋವು ಕೋಷ್ಟಕ. ಆಮ್ಯಾಲೆ ಏನೇನು ಮಾಡಿದ್ವಿ ಅನ್ನೋದು. ಆಮ್ಯಾಲೆ ಚರ್ಚೆ. ಈ ಪೀಠಿಕೆ, ಸಾರಾಂಶ ಎಲ್ಲಾ ಮದಿವಿ ಮುಗದ ಮ್ಯಾಲೆ ಕಟ್ಟೋ ತೋರಣ. ನೀವು ತೋರಣದಾಗೇ ಸಿಕ್ಕೊಂಡೀರಿ. ಊಟಾನೇ ಮಾಡಿಲ್ಲ."

"ನಿಮಗ ಈ ಶಬ್ದ ಎಲ್ಲಾ ತಿಳಿತಾವೇನ್ರಿ?"

"ಒಂದೂ ತಿಳಿಯಂಗಿಲ್ಲ. ಪಿಯುಸಿ ನಪಾಸ್ ನಾ. ಆದ್ರ ಯಾವ ಹಾಳಿ ಟೈಪ್ ಮಾಡೂಮುಂದ ಸಾಹೇಬ್ರು ಬೆನ್ನ ಹಿಂದ ಬಂದು ನಿಂದರ್ತಿದ್ರು, ಅದು ಗೊತ್ತದ."

ಹೀಗೆ, ಶಾಸ್ತ್ರದ ಗಂಧವಿಲ್ಲದ ಗುರುವಿನಿಂದ ನನಗೆ ಉಪದೇಶವಾಯಿತು. ಮೊದಲು ತಲೆಬರಹ, ಸಾರಾಂಶ ಓದಬೇಕು, ಒಂದೇ ಸಲ. "ಓದ್ರಿ, ನಂಬಬ್ಯಾಡ್ರಿ. ಅದು ಅಂಗಡಿ ಬೋರ್ಡು." ಆಮೇಲೆ ಪೀಠಿಕೆಯ ಕೊನೆಯ ಪ್ಯಾರಾಕ್ಕೆ ಹಾರಬೇಕು, 'ಆದ್ದರಿಂದ ಈ ಪ್ರಯೋಗ' ಎಂದು ಅಲ್ಲಿರುತ್ತದೆ, ಅವರು ಏನು ತಿಳಿಯಲು ಹೊರಟರು ಎಂಬುದು ಅಲ್ಲೇ ಗೊತ್ತಾಗುತ್ತದೆ. ಆ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಬೇಕು. ಬರೆಯಲಾಗದಿದ್ದರೆ ಮುಂದೆ ಹೋಗಬಾರದು. ಆಮೇಲೆ ಸೀದಾ ಕೋಷ್ಟಕ: ತಲೆಬರಹ, ಅಡ್ಡ ಸಾಲು, ಕೆಳಗಿನ ಟಿಪ್ಪಣಿ. ಅದಾದ ಮೇಲೆ ಪ್ರಯೋಗ ಎಲ್ಲಿ, ಯಾವ ಮಣ್ಣಿನಲ್ಲಿ, ಹೇಗೆ ಮಾಡಿದರು ಎಂಬ ಭಾಗ. ಚರ್ಚೆ ಕೊನೆಗೆ, ಅಷ್ಟು ಹೊತ್ತಿಗೆ ನಮಗೂ ಒಂದು ಅಭಿಪ್ರಾಯ ಹುಟ್ಟಿರುತ್ತದೆ, ಅವರ ಅಭಿಪ್ರಾಯದ ಜತೆ ಹಚ್ಚಿ ನೋಡಬಹುದು.

"ಶಬ್ದದ ಗತಿ ಏನ್ರಿ ಮಾಸ್ತರ್ರ?"

"ತಿಳೀಲಿಲ್ಲಂದ್ರ ಗೆರಿ ಹೊಡದು ಮುಂದ ನಡೀರಿ. ಒಮ್ಮೆ ಬಂದು ಹೋದ್ರ ನೆಂಟ ಅಲ್ಲ, ದಾರಿಹೋಕ. ಮೂರು ಸಲ ಬಂದ್ರ ಮನಿಯಂವ, ಆವಾಗ ನಿಘಂಟ ತಗೀರಿ."

ನನ್ನ ಪೆನ್ಸಿಲ್ ಗುರುತುಗಳ ಪೈಕಿ ಮೂರು ಸಲ ಬಂದವು ಒಟ್ಟು ಐದೇ. ಒಂದು ವಾರ ನಾನು ದಾರಿಹೋಕರಿಗೆಲ್ಲ ಚಹಾ ಕುಡಿಸುತ್ತ ಕೂತಿದ್ದೆನೆಂದಾಯಿತು.

ಕೋಷ್ಟಕಕ್ಕೆ ಬಂದೆವು. ನಾಲ್ಕು ಅಡ್ಡ ಸಾಲು: ಏನೂ ಮಾಡದೆ ಬಿತ್ತಿದ ತೊಗರಿ, ಔಷಧ ಹಚ್ಚಿದ ತೊಗರಿ, ಜೋಳದ ಸಾಲುಗಳ ನಡುನಡುವೆ ಅಕ್ಕಡಿಯಾಗಿ ಬಿತ್ತಿದ ತೊಗರಿ, ಜೋಳವೂ ಔಷಧವೂ ಸೇರಿದ್ದು. ಪಕ್ಕದಲ್ಲಿ ನೂರಕ್ಕೆ ಎಷ್ಟು ಗಿಡ ಒಣಗಿದವು ಎಂಬ ಅಂಕಿ. ಔಷಧದ ಸಾಲಿನಲ್ಲಿ ಅಂಕಿ ಸ್ವಲ್ಪ ಕಡಿಮೆಯಿತ್ತು. ನನಗೆ ಜೀವ ಬಂದಂತಾಯಿತು.

"ನೋಡ್ರಿ, ಕಮ್ಮಿ ಅದ!" ಎಂದೆ.

"ಕೆಳಗ ನೋಡ್ರಿ," ಎಂದರು ಮಾಸ್ತರು. "ಸಿ.ಡಿ. ಅಂತ ಒಂದು ಸಾಲು ಇರ್ತದ. ಒಮ್ಮೆ ನಾ ಅದ್ರಾಗ ದಶಾಂಶದ ಚುಕ್ಕಿ ಒಂದು ಮನಿ ಆಚಿ ಹೊಡದು, ಸಾಹೇಬ್ರ ಕಡಿಂದ ಬೈಸ್ಕೊಂಡೇನಿ. ಆವಾಗ ಅವ್ರೇ ತಿಳಿಸಿ ಹೇಳಿದ್ರು. ಎರಡು ಅಂಕಿ ನಡುವಿನ ಫರಕು ಈ ಸಾಲಿನ ಅಂಕಿಗಿಂತ ದೊಡ್ಡದಿದ್ರ ಲೆಕ್ಕಕ್ಕ ಬಂತು. ಸಣ್ಣದಿದ್ರ ಔಷಧದ್ದು ಅಂತ ಹೇಳಾಕ ಬರಂಗಿಲ್ಲ. ನೆಲದ ಮರ್ಜಿನೂ ಇರಬಹುದು."

ಸಿ.ಡಿ. ಎಂದರೆ ಕ್ರಿಟಿಕಲ್ ಡಿಫರೆನ್ಸ್, ನಿರ್ಣಾಯಕ ವ್ಯತ್ಯಾಸ. ಡಿಪ್ಲೊಮಾದಲ್ಲಿ ಅದನ್ನು ಓದಿದ್ದೆ, ಪರೀಕ್ಷೆಯ ಹಾಲಿನಲ್ಲಿ ಬರೆದಿದ್ದೆ, ಅಲ್ಲೇ ಬಿಟ್ಟು ಬಂದಿದ್ದೆ. ಈಗ ಕಳೆದು ನೋಡಿದೆ. ಔಷಧದ ಸಾಲಿಗೂ ಏನೂ ಮಾಡದ ಸಾಲಿಗೂ ಇದ್ದ ಫರಕು ಸಿ.ಡಿ.ಗಿಂತ ಸಣ್ಣದು. ಜೋಳದ ಸಾಲಿನ ಫರಕು ದೊಡ್ಡದು. ಜೋಳ, ಔಷಧ ಎರಡೂ ಇದ್ದದ್ದು ಬರಿ ಜೋಳಕ್ಕಿಂತ ಲೆಕ್ಕಕ್ಕೆ ಬರುವಷ್ಟು ಮೇಲಲ್ಲ. ನಾಲ್ಕು ಸಲ ಕಳೆದೆ. ನನ್ನ ಹುದ್ದೆಯ ಗೌರವಕ್ಕಾಗಿ ಗಣಿತ ಒಂದು ಸಲವೂ ಮನಸ್ಸು ಬದಲಿಸಲಿಲ್ಲ.

ಅಂದರೆ ನಾನು ಗೌಡರಿಗೆ ಹೇಳಿದ್ದು ಅಂಗಡಿ ಬೋರ್ಡು. ಒಳಗಿನ ಮಾಲು ಬೇರೆಯಿತ್ತು.

ಮರುದಿನ ಕೊಳಕೂರಿಗೆ ಹೋಗುವಾಗ ಸೈಕಲ್ ತಾನಾಗಿಯೇ ನಿಧಾನವಾಯಿತು. ಗೌಡರು ಕಟ್ಟೆಯ ಮೇಲೆ ಕೂತು ಬೀಜ ಆರಿಸುತ್ತಿದ್ದರು. ಔಷಧದ ಡಬ್ಬಿ ಪಕ್ಕದಲ್ಲೇ ಇತ್ತು.

"ಗೌಡ್ರ, ನಾ ಅವತ್ತು ಹೇಳಿದ್ದು ತಪ್ಪಾಗ್ಯಾದ. ಪೂರಾ ಓದಿದ್ದಿಲ್ಲ."

ಅವರು ತಲೆ ಎತ್ತಲಿಲ್ಲ. "ಓದದೇ ಹೇಳಿದ್ರಿ?"

"ಮ್ಯಾಲಿಂದಷ್ಟೇ ಓದಿದ್ದೆರಿ."

"ಈಗ ಪೂರಾ ಓದೀರೇನು, ಮತ್ತ ನಾಳಿಗಿ ಬ್ಯಾರೆ ಹೇಳ್ತೀರೇನು?"

ಪ್ರಬಂಧ ಬಿಚ್ಚಿ ಕೋಷ್ಟಕ ತೋರಿಸಿದೆ. ಅವರಿಗೆ ಇಂಗ್ಲಿಷ್ ಬರದು, ಅಂಕಿ ಬರುತ್ತಿತ್ತು. ನಾನು ಒಂದೊಂದೇ ಸಾಲು ಹೇಳುತ್ತ ಹೋದೆ. ಅವರು ಒಂದೊಂದೇ ಪ್ರಶ್ನೆ ಹಾಕುತ್ತ ಬಂದರು. ಎಲ್ಲಿ ಮಾಡಿದರು? ಕಪ್ಪು ಎರಿ ಭೂಮಿಯೋ, ಕೆಂಪು ಮಸಾರಿಯೋ? ಮಳೆಯ ನೀರೋ, ಬಾವಿಯ ನೀರೋ? ರೋಗ ಇದ್ದ ಹೊಲದಲ್ಲೇ ಮಾಡಿದರೋ, ಇಲ್ಲದಲ್ಲಿ ಮಾಡಿ ಹೊಗಳಿಕೊಂಡರೋ? ವಿಧಾನದ ಭಾಗ ಓದಿ ಬಂದಿದ್ದೆ, ಬದುಕಿದೆ: ಎರಿ ಭೂಮಿ, ಮಳೆಯ ಆಸರೆ, ಬೇಕೆಂದೇ ರೋಗ ಬೆಳೆಸಿಟ್ಟ ತಾಕು, ಎರಡು ಹಂಗಾಮು.

"ಯಾವ ತೊಗರಿ? ನಮ್ಮ ಜವಾರಿಯೇನು?"

ಹಾಳೆ ತಿರುವಿದೆ. ಪ್ರಯೋಗದಲ್ಲಿ ಬಿತ್ತಿದ್ದು ಬೇರೆ ತಳಿ. ಊರಿನ ಜವಾರಿ ಬೀಜದ ಮಾತು ಎಲ್ಲೂ ಇರಲಿಲ್ಲ.

"ನಿಮ್ಮ ಜವಾರಿಗಿ ಹಂಗೇ ಆಗ್ತದೋ ಇಲ್ಲೋ, ಇದ್ರಾಗ ಇಲ್ರಿ. ನನಗೂ ಗೊತ್ತಿಲ್ಲ."

ಇಲಾಖೆಯ ಸೇವೆಯಲ್ಲಿ ನಾನು ಈ ವಾಕ್ಯವನ್ನು ಮೊದಲ ಬಾರಿಗೆ ಉಚ್ಚರಿಸಿದ್ದು ಅಂದೇ. ನೆಲ ಬಾಯಿ ಬಿಡುತ್ತದೆಂದು ಎಣಿಸಿದ್ದೆ. ಗೌಡರು ಬೀಜದ ಮೊರವನ್ನು ಕೆಳಗಿಟ್ಟು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

"ಹಂಗ ಹೇಳ್ರಿ ಮತ್ತ," ಎಂದರು. ಒಳಗೆ ಕೂಗಿದರು: "ಬೇ, ಸಾಹೇಬ್ರಿಗಿ ಚಹಾ ತಾ!"

ಆ ವರ್ಷ ಅವರು ಹಳ್ಳದ ದಂಡೆಯ ಹೊಲಕ್ಕೆ ನಡುವೆ ಒಂದು ಬದು ಹಾಕಿದರು. ಒಂದು ಕಡೆ ಮುಂಗಾರಿ ಜೋಳದ ಸಾಲುಗಳ ನಡುವೆ ತೊಗರಿ, ಇನ್ನೊಂದು ಕಡೆ ಯಾವಾಗಿನ ಹಾಗೆ ಬರಿ ತೊಗರಿ. ಬೀಜ ಎರಡೂ ಕಡೆ ಅವರ ಜವಾರಿಯೇ, ಔಷಧ ಯಾವ ಕಡೆಯೂ ಇಲ್ಲ. ಎರಡೂ ಒಂದೇ ದಿನ, ಒಂದೇ ಕೂರಿಗೆಯಲ್ಲಿ ಬಿತ್ತಿದರು. ಇಲ್ಲದಿದ್ದರೆ ಯಾವುದರ ಗುಣ ಯಾವುದೆಂದು ಹೇಗೆ ಹೇಳುವುದು ಎಂದು ನನಗೇ ಪಾಠ ಮಾಡಿದರು.

ಕಾಯಿ ಬಲಿಯುವ ಚಳಿಯ ದಿನಗಳಲ್ಲಿ ಇಬ್ಬರೂ ಬದುವಿನ ಮೇಲೆ ನಿಂತೆವು. ಜೋಳ ಕೊಯ್ದು ಹೋಗಿತ್ತು. ಅದು ನಿಂತಿದ್ದ ಕಡೆ ಒಣಗಿದ ತೊಗರಿ ಗಿಡ ಕಮ್ಮಿ ಎಂದು ಕಣ್ಣಿಗೇ ಕಾಣುತ್ತಿತ್ತು. ನಾನು ಸಂಭ್ರಮದಿಂದ ಬಾಯಿ ತೆರೆಯುವಷ್ಟರಲ್ಲಿ ಗೌಡರು ಕೈ ಎತ್ತಿದರು.

"ಜರಾ ತಡೀರಿ. ಕಣ್ಣಿಗಿ ಕಂಡದ್ದು ಹೇಳಬ್ಯಾಡ್ರಿ. ನೀವು ಆ ಸಾಲಿನಿಂದ ಎಣಸ್ಕೋತ ಬರ್ರಿ, ನಾ ಈ ಸಾಲಿನಿಂದ ಬರ್ತೇನಿ."

ಪಂಚೆ ಎತ್ತಿ ಕಟ್ಟಿ ಅವರು ಸಾಲಿಗಿಳಿದರು. ನಾನು ಪ್ಯಾಂಟು ಮಡಚಿ ಇನ್ನೊಂದು ಸಾಲಿಗಿಳಿದೆ.