ಅತ್ತೆ ಓದದೆ ಪೋಸ್ಟ್ ಹೋಗುವುದಿಲ್ಲ

ಸಿಂಧನೂರಿನ ನಮ್ಮ ಅಂಗಡಿಯಲ್ಲಿ ಮೊದಲು ಮದುವೆ ಕಾರ್ಡು, ಬ್ಯಾನರು ಅಷ್ಟೇ ಮಾಡುತ್ತಿದ್ದೆವು. ಈಗ ಮಸ್ಕಿ, ಲಿಂಗಸುಗೂರಿನವರೂ ಬಂದು ವಾಟ್ಸಾಪ್ ಸ್ಟೇಟಸ್ಸಿಗೆ, ಫೇಸ್‌ಬುಕ್ಕಿಗೆ ಪೋಸ್ಟ್ ಮಾಡಿಸಿಕೊಂಡು ಹೋಗುತ್ತಾರೆ. ನನ್ನ ನಾದಿನಿ ಕಂಪ್ಯೂಟರಿನ ಮುಂದೆ ಕೂಡುತ್ತಾಳೆ. ನಾನು ಅಕ್ಷರ ತಪ್ಪು ನೋಡುತ್ತೇನೆ. ಅಕ್ಷರ ಸರಿಯಿದ್ದರೆ ಪೋಸ್ಟೂ ಸರಿ ಎಂದು ನಮ್ಮಿಬ್ಬರ ಲೆಕ್ಕ.

ಮಸ್ಕಿಯ ಒಬ್ಬ ಹೆಣ್ಣುಮಗಳು ನುಗ್ಗೆಸೊಪ್ಪನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಮಾರುತ್ತಾಳೆ. ಪುಡಿ ಚೆನ್ನಾಗಿರುತ್ತದೆ. ತನ್ನ ಚಿಕ್ಕಮ್ಮನ ಬಗ್ಗೆ ಆಕೆ ಹೇಳಿದ್ದು ಇಷ್ಟೇ: ‘ನಮ್ಮ ಕಾಕಿಗೆ ಸಕ್ಕರಿ ಬ್ಯಾನಿ ಐತ್ರಿ, ಇದನ್ನ ತಿಂತಾಳ, ಚಲೋ ಅನಸ್ತದಂತ.’ ನಾದಿನಿ ಅದನ್ನು ‘ಸಕ್ಕರೆ ಕಾಯಿಲೆ ಬೇರುಸಹಿತ ಮಾಯ! ಇನ್ನು ಗುಳಿಗೆ ಬೇಡ!’ ಎಂದು ಮಾಡಿದಳು. ಪಕ್ಕದಲ್ಲಿ ಹಸಿರು ಎಲೆ, ನಗುವ ಮುದುಕಿ. ಒಂದು ಅಕ್ಷರವೂ ತಪ್ಪಿರಲಿಲ್ಲ. ಹೋಯಿತು.

ಅದಾದ ಮೇಲೆ ಮನೆಯಲ್ಲಿ ಅತ್ತೆಯ ತಂಬಿಗೆ ಮತ್ತೆ ಮತ್ತೆ ಖಾಲಿಯಾಗತೊಡಗಿತು. ಬಚ್ಚಲಿಗೆ ಹೋಗಿ ಬರುವುದೂ ಹೆಚ್ಚಾಯಿತು. ಬಿಸಿಲು ಎಂದುಕೊಂಡೆ. ಮಧ್ಯಾಹ್ನ ರೊಟ್ಟಿ ಅರ್ಧ ತಟ್ಟಿ, ಸುಸ್ತು ಎಂದು ಗೋಡೆಗೆ ಒರಗಿ ಕೂತಾಗ ಅವರ ಸಕ್ಕರೆ ಕಾಯಿಲೆಯ ಗುಳಿಗೆ ಡಬ್ಬಿ ತೆಗೆದು ನೋಡಿದೆ. ತುಂಬಿಕೊಂಡೇ ಇತ್ತು.

‘ಅತ್ತೀ, ಗುಳಿಗಿ ಯಾಕ ನುಂಗಿಲ್ರಿ?’

‘ಬ್ಯಾಡಂತ ಬರದೀರಲ್ಲ.’

‘ಯಾರು ಬರದಾರ?’

‘ನೀವ ಬರದೀರಿ! ಹೊರಗಿನವ್ರು ಬರದಿದ್ರ ನಾ ನಂಬತಿದ್ನೇನು? ನಮ್ಮ ಅಂಗಡಿ ಹೆಸರು ಕೆಳಗ ಐತಿ. ಮನ್ಯಾಗಿನವ್ರು ಸುಳ್ಳು ಹೇಳ್ತಾರೇನ?’

ನಾದಿನಿ ನನ್ನ ಮುಖ ನೋಡಿದಳು. ನಾನು ತಂಬಿಗೆ ತುಂಬಿಸಲು ಎದ್ದೆ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಬಹಳ ಏರಿದೆ, ಕೇಳದೆ ಗುಳಿಗೆ ಬಿಡಬೇಡಿ ಎಂದರು. ಸೊಪ್ಪು ಊಟಕ್ಕೆ ಒಳ್ಳೆಯದೇ, ಔಷಧಿಯ ಜಾಗಕ್ಕಲ್ಲ ಎಂದರು. ಸಕ್ಕರೆ ಕಾಯಿಲೆ ವಾಸಿಮಾಡುತ್ತೇವೆಂದು ಹೀಗೆ ಜಾಹೀರಾತು ಹಾಕುವುದಕ್ಕೆ ಕಾನೂನೂ ಬಿಡುವುದಿಲ್ಲ ಎಂದು ಸೇರಿಸಿದರು. ಅತ್ತೆ ತಲೆಯಾಡಿಸಿದರು. ಹೊರಗೆ ಬಂದು, ‘ಡಾಕ್ಟ್ರು ಅಂತಾರ. ಆದ್ರ ನಮ್ಮ ಪೋಸ್ಟಿನಾಗ ಇನ್ನೂ ಹಂಗಾ ಐತಲ್ಲ’ ಎಂದರು. ಅದು ಇರುವ ತನಕ ಗುಳಿಗೆ ಮುಟ್ಟುವುದಿಲ್ಲವಂತೆ.

ಆಟೋದಲ್ಲೇ ನಾದಿನಿ ಪೋಸ್ಟ್ ತೆಗೆದುಹಾಕಿದಳು. ಮಸ್ಕಿಯವಳಿಗೂ ಫೋನ್ ಮಾಡಿ ತೆಗೆಸಿದೆವು. ‘ಅತ್ತೀ, ತಗದೀವಿ ನೋಡ್ರಿ.’ ‘ತಗದ್ರ ಏನಾತು? ತಪ್ಪಂತ ಎಲ್ಲಿ ಬರದೀರಿ?’ ಅದೂ ಖರೆ. ಓದಿದವರು ಓದಿಬಿಟ್ಟಿದ್ದರು. ‘ಹಿಂದಿನ ಪೋಸ್ಟ್ ತಪ್ಪು, ಗುಳಿಗೆ ಬಿಡಬೇಡಿ’ ಎಂದು ಇನ್ನೊಂದು ಹಾಕಿ ತೋರಿಸಿದೆವು. ಅವರು ಬೆರಳಿಟ್ಟು ಓದಿ, ಗುಳಿಗೆ ಕೇಳಿ ತೆಗೆದುಕೊಂಡು ನುಂಗಿದರು.

ಅಂದಿನಿಂದ ಒಂದು ಪದ್ಧತಿ ಬಂತು. ಬರೆದವರು ತಾವೇ ಕಳಿಸುವಂತಿಲ್ಲ. ಆರೋಗ್ಯ, ದುಡ್ಡು ಎಂಬ ಮಾತಿದ್ದರೆ ನಾನು ಒಂದೊಂದು ಸಾಲಿಗೂ ಗಿರಾಕಿಯನ್ನು ಆಧಾರ ಕೇಳುತ್ತೇನೆ. ಕಾಕಿಗೆ ಚಲೋ ಅನಿಸಿದ್ದು ಆಧಾರವಲ್ಲ. ಆಧಾರ ಇಲ್ಲದ ಸಾಲು ಅಳಿಯುತ್ತದೆ. ಉಳಿದದ್ದನ್ನು ಅತ್ತೆಗೆ ಓದಲು ಕೊಟ್ಟು, ‘ಇದನ್ನ ಓದಿ ನೀವು ಏನು ಮಾಡ್ತೀರಿ?’ ಎಂದು ಕೇಳುತ್ತೇವೆ. ಮಾಡಬಾರದ್ದನ್ನು ಹೇಳಿದರೆ ಪೋಸ್ಟ್ ವಾಪಸು.

ಈ ಪದ್ಧತಿಗೆ ಮೊದಲು ಸಿಕ್ಕಿದವರು ಲಿಂಗಸುಗೂರಿನ ಮ್ಯೂಚುಯಲ್ ಫಂಡ್ ಏಜೆಂಟರು. ‘ತಿಂಗಳು ತಿಂಗಳು ಖಾತ್ರಿ ಆದಾಯ, ನಷ್ಟವೇ ಇಲ್ಲ’ ಎಂದು ಬೇಕಿತ್ತು ಅವರಿಗೆ. ನಾನು ಆಧಾರ ಕೇಳುವ ಮೊದಲೇ ಅತ್ತೆ ಓದಿ, ‘ಬ್ಯಾಂಕಿನಾಗ ಇಟ್ಟಿದ್ದನ್ನ ಬಿಡಿಸಿ ಇವರ ಕೈಯಾಗ ಕೊಡ್ತೀನಿ’ ಎಂದರು.

‘ನೋಡ್ರೀ, ಅಮ್ಮಾರಿಗೆ ಎಷ್ಟು ಚಂದ ತಿಳೀತು!’ ಎಂದರು ಏಜೆಂಟರು.

‘ಖಾತ್ರಿ ಅಂತ ಕಂಪನಿ ಕಾಗದದಾಗ ಐತೇನ್ರಿ ಸರ?’ ಎಂದೆ.

‘ಅದು ಮಾರ್ಕೆಟ್ ಅಲ್ರೀ ಅಕ್ಕಾರ, ಏರ್ತದ, ಇಳೀತದ.’

‘ಅದನ್ನಾ ಬರೀತೀವಿ.’

‘ಅದನ್ನ ಬರದ್ರ ಯಾರು ಬರ್ತಾರ?’

‘ಏರೋದೂ ಇಳಿಯೋದೂ ತಿಳಿದವ್ರು ಬರ್ತಾರ. ಆಮ್ಯಾಲ ಬೈಯಾಕಂತ ಬರೋದಿಲ್ಲ’ ಎಂದರು ಅತ್ತೆ. ಮಾರುಕಟ್ಟೆಯ ಅಪಾಯವಿದೆ, ದಾಖಲೆ ಪೂರ್ತಿ ಓದಿ ಎಂಬ ಸಾಲನ್ನು ಓದಲು ಬರುವಷ್ಟು ದಪ್ಪಗೆ ಹಾಕಿದೆವು. ಅವರು ಮುನಿಸಿಕೊಂಡೇ ಒಯ್ದರು.

ಮಸ್ಕಿಯವಳು ಮುಂದಿನ ಪುಡಿಗೆ ಪೋಸ್ಟ್ ಬೇಕೆಂದು ಬಂದಳು. ‘ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪಿನ ಪುಡಿ. ಸಾರಿಗೆ, ಚಟ್ನಿಗೆ. ಇದು ಔಷಧಿಯಲ್ಲ’ ಎಂದು ಬರೆದೆವು. ನಾದಿನಿಗೆ ತೀರ ಸಪ್ಪೆ ಎನಿಸಿತು. ಎಲೆಯ ಚಿತ್ರ ಇನ್ನೊಂದು ಸೇರಿಸಿದಳು.

ಅತ್ತೆ ಕನ್ನಡಕ ಏರಿಸಿ ಓದಿದರು.

‘ಏನು ಮಾಡ್ತೀರಿ ಅತ್ತೀ?’

‘ಸಾರು ಮಾಡ್ತೀನಿ.’

‘ಗುಳಿಗಿ?’

‘ಗುಳಿಗಿ ಬಿಡ್ರಿ ಅಂತ ಇದರಾಗ ಎಲ್ಲಿ ಐತಿ?’ ಎಂದು ತಂಬಿಗೆಯತ್ತ ಕೈ ಚಾಚಿದರು. ‘ತಾ, ನುಂಗತೀನಿ. ಆಮ್ಯಾಲ ಕಳಸ್ರಿ.’